ಹೆಡ್ ಹೆವಿ ರಾಕೆಟ್, 28 ಪೌಂಡ್ ಗಟ್ಟಿಂಗ್: ಡಬಲ್ಸ್‌ಗೆ ಸರಿಯಾ?

ಪ್ರದೀಪ: ಕ್ಲಬ್‌ನಲ್ಲಿ ಬ್ಯಾಡ್ಮಿಂಟನ್ ಡಬಲ್ಸ್ ಆಡುತ್ತೇನೆ. ರಾಕೆಟ್ ಹೆಡ್ ಹೆವಿ, ಟೆನ್ಷನ್ 28 ಪೌಂಡ್. ಸ್ಮ್ಯಾಶ್ ಓಡುತ್ತಿಲ್ಲ, ಡ್ರೈವ್‌ಗೆ ಕೈ ತಡವಾಗುತ್ತದೆ. ಈಗ ಮೊಣಕೈಯ ಹೊರಬದಿ ನೋವು. ಯಾವುದನ್ನು ಬದಲಿಸಲಿ ನಾಗರಾಜ್ ಸರ್?

ನಾಗರಾಜ್, ಗಟ್ಟಿಂಗ್ ಮಾಡುವವರು: ಗಟ್ಟಿನ ಮೇಲೆ ಸವೆತ ಎಲ್ಲಿದೆ?

ಪ್ರದೀಪ: ನಡುವಿಗಿಂತ ಕೆಳಗೆ, ಸ್ವಲ್ಪ ಎಡಕ್ಕೆ.

ನಾಗರಾಜ್: ಹಾಗಾದರೆ ಮೊದಲು ಟೆನ್ಷನ್ ಇಳಿಸಿ. 28ರಲ್ಲಿ ಗಟ್ಟು ಹೆಚ್ಚು ಬಾಗುವುದಿಲ್ಲ. ಶಟಲ್ ನಡುವಿಗೆ ತಾಗಿದರೆ ಸರಿ, ಪಕ್ಕಕ್ಕೆ ತಾಗಿದರೆ ಸತ್ತ ಹಾಗೆ ಬೀಳುತ್ತದೆ. ಅದಕ್ಕೇ ನೀವು ಇನ್ನೂ ಜೋರಾಗಿ ಬೀಸುತ್ತೀರಿ, ಪೆಟ್ಟೆಲ್ಲ ಮೊಣಕೈಗೆ ಹೋಗುತ್ತದೆ. ಇದೇ ರಾಕೆಟ್‌ಗೆ 24 ಹಾಕಿಸಿ, ಗಟ್ಟು ಅದೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ನೋವು ಇರುವಷ್ಟು ದಿನ ಸ್ಮ್ಯಾಶ್ ಬಿಡಿ, ಫಿಸಿಯೋ ಹತ್ತಿರ ತೋರಿಸಿ.

ರೇಖಾ: ನೈಲಾನ್ ಶಟಲ್ ಆದರೆ ಟೆನ್ಷನ್ ಬೇರೆ ಇರಬೇಕಾ?

ಶಶಿ: ಹೊಸ ರಾಕೆಟ್ ಯಾಕೆ? ಹಿಡಿಗೆ ಇನ್ನೊಂದು ಓವರ್‌ಗ್ರಿಪ್ ಸುತ್ತಿ, ಹೆಡ್ ಲೈಟ್ ಆಗುತ್ತದೆ.

ನಾಗರಾಜ್: ಅರ್ಧ ಸರಿ ಶಶಿ. ಗಟ್ಟು, ಗ್ರಿಪ್ ಸೇರಿ 95 ಗ್ರಾಂ ಇರುವ ರಾಕೆಟ್ಟು ಹಿಡಿಯ ತುದಿಯಿಂದ 300 ಮಿಲಿಮೀಟರ್‌ನಲ್ಲಿ ಬೆರಳ ಮೇಲೆ ಸಮ ನಿಲ್ಲುತ್ತದೆ ಅಂದುಕೊಳ್ಳಿ. 5 ಗ್ರಾಂ ಓವರ್‌ಗ್ರಿಪ್ ಸುತ್ತಿದರೆ ಅದು ಸುಮಾರು 289ಕ್ಕೆ ಬರುತ್ತದೆ. ಆದರೆ ತಲೆಯಲ್ಲಿದ್ದ ತೂಕ ಎಲ್ಲೂ ಹೋಗಿಲ್ಲ ಅಲ್ವಾ? ಬೀಸುವಾಗ ಕೈಗೆ ಸಿಗುವ ಭಾರ ಹೆಚ್ಚು ಕಡಿಮೆ ಅಷ್ಟೇ. ಹಿಡಿ ಮಾತ್ರ ದಪ್ಪವಾಗುತ್ತದೆ.

ಶಶಿ: ನನಗೆ ಫರಕ್ ಗೊತ್ತಾಗಿದೆ ಸರ್. ಲೆಕ್ಕ ಬೇರೆ, ಆಟ ಬೇರೆ.

ಮಂಜು: ದೇಹದ ತೂಕ ನೋಡಿ ಟೆನ್ಷನ್ ಹಾಕಿಸಬೇಕು ಅಂತ ಒಂದು ಫಾರ್ವರ್ಡ್ ಬಂದಿತ್ತು. ನಾನು 74 ಕೆಜಿ, 29 ಹಾಕಿಸಲಾ?

ನಾಗರಾಜ್: ಬೇಡ. ಫ್ರೇಮ್ ಮೇಲೆ ಬರೆದಿರುವ ಮಿತಿ ಓದಿ. ಅದನ್ನು ದಾಟಿದರೆ ಮೆಷಿನ್ ಮೇಲೇ ಫ್ರೇಮ್ ಮುರಿಯಬಹುದು. ಆ ಫಾರ್ವರ್ಡ್ ದಯವಿಟ್ಟು ಇಲ್ಲಿ ಹಾಕಬೇಡಿ.

ಪ್ರದೀಪ: 24 ಹಾಕಿಸಿದ ಮೇಲೂ ಡ್ರೈವ್ ತಡವಾದರೆ?

ನಾಗರಾಜ್: ಆಗ ಬ್ಯಾಲೆನ್ಸ್ ನೋಡೋಣ. ಗೆಳೆಯರ ಈವನ್ ಬ್ಯಾಲೆನ್ಸ್ ರಾಕೆಟ್ ಕೇಳಿ, ಎರಡು ಸಂಜೆ ಆಡಿ. ಕ್ಯಾಟಲಾಗ್ ಅಂಕಿ ನಂಬಿ ಕೊಳ್ಳಬೇಡಿ. ಅದು ಹೆಚ್ಚಾಗಿ ಗಟ್ಟಿಲ್ಲದ ರಾಕೆಟ್‌ದು. ಗಟ್ಟು ಹಾಕಿದರೆ ಬ್ಯಾಲೆನ್ಸ್ ತಲೆಯ ಕಡೆ ಸರಿಯುತ್ತದೆ.

ಲೋಕೇಶ್: ಡಬಲ್ಸ್‌ಗೆ ಹೆಡ್ ಲೈಟೇ ಬೇಕು. ಇದರಲ್ಲಿ ಚರ್ಚೆ ಏನು?

ಶಶಿ: ಹಿಂದೆ ನಿಂತು ಹೊಡೆಯುವವರು ಏನು ಮಾಡಬೇಕು? ನೀವು ಬರೀ ನೆಟ್ ಹತ್ತಿರ ಆಡುತ್ತೀರಿ.

ಲೋಕೇಶ್: ನಿಮ್ಮ ಸ್ಮ್ಯಾಶ್ ಎಲ್ಲಿ ಬೀಳುತ್ತದೆ ಅಂತ ಕ್ಲಬ್‌ನವರಿಗೆಲ್ಲ ಗೊತ್ತು.

ಮಂಜು: 28 ಆದರೂ ಹಾಕಿಸಬಹುದಾ?

ನಾಗರಾಜ್: ಮೇಲೆ ಹೇಳಿದ್ದೇನೆ. ಓದಿ.

ಪ್ರದೀಪ: ಸರ್, ಇವತ್ತು ಆಡುವಾಗ ಒಂದು ಎಳೆ ಕಿತ್ತುಹೋಯಿತು. ಶನಿವಾರ ತರುತ್ತೇನೆ.

ನಾಗರಾಜ್: ಶನಿವಾರದವರೆಗೆ ಹಾಗೇ ಇಡಬೇಡಿ. ಎಳೆತ ಒಂದೇ ಕಡೆಯಾಗಿ ಫ್ರೇಮ್ ಸೊಟ್ಟಗಾಗುತ್ತದೆ. ಈಗಲೇ ಕತ್ತರಿ ತಗೊಂಡು ನಡುವಿನಿಂದ ಶುರು ಮಾಡಿ ಎಲ್ಲಾ ಎಳೆ ಕತ್ತರಿಸಿ.