ಸಹಾಯ ಬೇಕು: ಬರ್ತ್‌ಡೇಗೆ ಗಿಫ್ಟ್ ಬೇಡ ಅಂತ ಹೇಗೆ ಬರೆಯೋದು?

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ಮಗಳಿಗೆ ಆರು ತುಂಬುತ್ತದೆ. ಕ್ಲಾಸಿನ ಮಕ್ಕಳನ್ನೆಲ್ಲ ಕರೆಯುತ್ತಿದ್ದೇವೆ. ಹೋದ ವರ್ಷ ಬಂದ ಪೆನ್ಸಿಲ್ ಬಾಕ್ಸ್‌ಗಳೇ ಇನ್ನೂ ಬಿಚ್ಚದೆ ಬೀರು ಮೇಲಿವೆ. ಈ ಸಲ ಗಿಫ್ಟ್ ಬೇಡ ಅಂತ ತೀರ್ಮಾನಿಸಿದ್ದೇವೆ.

ಆದರೆ ಮದುವೆ ಕಾರ್ಡಿನ 'ಆಶೀರ್ವಾದವೇ ಉಡುಗೊರೆ' ಸಾಲನ್ನು ಯಾರೂ ನಂಬಲ್ಲ ಅಲ್ವಾ? ಇದನ್ನೂ ಹಾಗೇ ಅಂದುಕೊಂಡು ಅರ್ಧ ಜನ ತಂದರೆ, ಬರಿಗೈಯಲ್ಲಿ ಬಂದವರಿಗೆ ಮುಜುಗರ. ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಗೆ ಹೀಗೆ ಬರೆದಿದ್ದೇನೆ:

"ಭಾನುವಾರ ಸಂಜೆ 4ರಿಂದ 6ರವರೆಗೆ ಮಗಳ ಬರ್ತ್‌ಡೇ. ಮಕ್ಕಳನ್ನು ತಪ್ಪದೆ ಕಳಿಸಿ. ದಯವಿಟ್ಟು ಗಿಫ್ಟ್, ಕವರ್ ಯಾವುದೂ ಬೇಡ, ಯಾರಿಂದಲೂ ತೆಗೆದುಕೊಳ್ಳುತ್ತಿಲ್ಲ. ಏನಾದರೂ ಕೊಡಲೇಬೇಕು ಅಂತ ಮಗು ಹಟ ಮಾಡಿದರೆ, ತಾನೇ ಬಿಡಿಸಿದ ಒಂದು ಚಿತ್ರ ಸಾಕು. ನಾವೂ ರಿಟರ್ನ್ ಗಿಫ್ಟ್ ಕೊಡುತ್ತಿಲ್ಲ."

ಕೊನೆಯ ಸಾಲು ಇರಲಾ? ರಿಟರ್ನ್ ಗಿಫ್ಟ್ ಕೊಟ್ಟರೆ, ಸುಮ್ನೆ ಬಂದವರಿಗೆ ಋಣ ಅನ್ನಿಸುತ್ತೆ. ಕೊಡದಿದ್ದರೆ ಜಿಪುಣರು ಅಂತಾರೆ ಅನ್ನೋದು ನಮ್ಮತ್ತೆಯ ಚಿಂತೆ!

ಇನ್ನೊಂದು, ಯಾರಾದರೂ ತಂದೇಬಿಟ್ಟರೆ? ಬಾಗಿಲಲ್ಲೇ ವಾಪಸ್ ಕೊಡುವುದು ಚೆನ್ನಾಗಿರಲ್ಲ. ಬೇರೆಯವರ ಕಣ್ಣಿಗೆ ಬೀಳದ ಹಾಗೆ ಒಳಗಿನ ರೂಮಿನಲ್ಲಿ ಇಡೋಣ ಅಂತಿದ್ದೇನೆ. ಮಾಡಿ ನೋಡಿದವರು ಹೇಳಿ, ನಾಳೆ ರಾತ್ರಿಯೊಳಗೆ ಮೆಸೇಜ್ ಕಳಿಸಬೇಕು.