ಸಹಾಯ ಬೇಕು: ಸಸ್ಪೆನ್ಸ್ ಖಾತೆ ಸೊನ್ನೆಯಾಯ್ತು, ಆದರೂ ಒಂದು ಅನುಮಾನ

ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಈ ಸಲ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಡೆಬಿಟ್ 5,400 ರೂಪಾಯಿ ಜಾಸ್ತಿ ಬಂತು. ಸದ್ಯಕ್ಕೆ ಅಷ್ಟನ್ನು ಸಸ್ಪೆನ್ಸ್ ಖಾತೆಯ ಕ್ರೆಡಿಟ್‌ಗೆ ಹಾಕಿದೆ. ಆಮೇಲೆ ವ್ಯತ್ಯಾಸವನ್ನು ಅರ್ಧ ಮಾಡಿ, 2,700ರ ನಮೂದು ಹುಡುಕಿದೆ. ಸಿಕ್ಕಿತು! ಗೋಣಿಚೀಲದವರು ನಮಗೆ ಕೊಟ್ಟ ರಿಯಾಯಿತಿ. ಅವರ ಖಾತೆಗೆ ಡೆಬಿಟ್ ಸರಿಯಾಗಿಯೇ ಇತ್ತು. ರಿಯಾಯಿತಿ ಖಾತೆಗೆ ಮಾತ್ರ ಕ್ರೆಡಿಟ್ ಬದಲು ಡೆಬಿಟ್ ಬರೆದಿದ್ದೆ. ಸಸ್ಪೆನ್ಸ್‌ಗೆ 5,400 ಡೆಬಿಟ್, ರಿಯಾಯಿತಿಗೆ 5,400 ಕ್ರೆಡಿಟ್ ಮಾಡಿದೆ. 2,700 ಹಾಕಿದ್ದರೆ ತಪ್ಪು ಅಳಿಯುತ್ತಿತ್ತು ಅಷ್ಟೇ, ಸರಿಯಾದ ಕ್ರೆಡಿಟ್ ಬರುತ್ತಿರಲಿಲ್ಲ ಅಲ್ವಾ?

ಹುಡುಕುವಾಗಲೇ ಇನ್ನೊಂದು ತಪ್ಪು ಕಂಡಿತು. 18,000 ರೂಪಾಯಿಯ ಹೊಸ ತೂಕದ ಯಂತ್ರವನ್ನು ಖರೀದಿ ಖಾತೆಗೆ ಡೆಬಿಟ್ ಮಾಡಿದ್ದೇನೆ. ಇದನ್ನೂ ಸಸ್ಪೆನ್ಸ್ ಮೂಲಕವೇ ಸರಿಮಾಡು ಅನ್ನುತ್ತಾರೆ ಮಂಡಿಯ ಹಿರಿಯರು. ಆದರೆ ಇದರಿಂದ ಟ್ರಯಲ್ ಬ್ಯಾಲೆನ್ಸ್ ತಪ್ಪಿರಲೇ ಇಲ್ಲ. ಯಂತ್ರದ ಖಾತೆಗೆ ಡೆಬಿಟ್, ಖರೀದಿಗೆ ಕ್ರೆಡಿಟ್, ನೇರವಾಗಿ ಸಾಕು ಅಂತ ನನಗನಿಸುತ್ತದೆ. ತಿಳಿದವರು ದಯವಿಟ್ಟು ಹೇಳಿ.