ಪದಚರ್ಚೆ: ಪರ್‌ಪ್ಲೆಕ್ಸಿಟಿಗೆ ಏನನ್ನೋಣ? ಭಿತ್ತಿಪತ್ರ ನಾಳೆ ಅಚ್ಚಿಗೆ

ಅನುವಾದಕಿ:
ವಿಜ್ಞಾನ ಪ್ರದರ್ಶನದ ಭಿತ್ತಿಪತ್ರವೊಂದರ ಕನ್ನಡ ಪಾಠ ಇವತ್ತು ರಾತ್ರಿಯೊಳಗೆ ಮುಗಿಸಬೇಕು. ಎರಡು ಭಾಷಾ ಮಾದರಿಗಳನ್ನು ಹೋಲಿಸುವ ಪಟ್ಟಿಯಲ್ಲಿ ಪರ್‌ಪ್ಲೆಕ್ಸಿಟಿ, ಬ್ಲೂ, ರೂಜ್ ಎಂದು ಮೂರು ಕಲಮುಗಳಿವೆ. ಮೊದಲನೆಯದಕ್ಕೆ ನಾನು ‘ಗೊಂದಲ’ ಹಾಕಿ, ಕೆಳಗೆ ‘ಗೊಂದಲ ಕಡಿಮೆಯಾದಷ್ಟೂ ಮಾದರಿ ಉತ್ತಮ’ ಎಂದು ಬರೆದಿದ್ದೇನೆ. ನಡೆಯುತ್ತದೆಯೇ?

ಅಚ್ಚಗನ್ನಡಿಗ:
ನಡೆಯುವುದಿಲ್ಲ. ಲ್ಯಾಟಿನ್ನಿನ ಪರ್‌ಪ್ಲೆಕ್ಸಸ್ ಎಂದರೆ ಹೆಣೆದು ಸಿಕ್ಕಾದದ್ದು. ನಮ್ಮಲ್ಲಿ ‘ತೊಡಕು’ ಇದೆ, ಅಷ್ಟೇ ಹಾಕಿ. ಯಾರಾದರೂ ‘ಸಂದಿಗ್ಧತಾ ಸೂಚ್ಯಂಕ’ ಅಂತ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಬೇಡ.

ಎಣಿಕೆಗಾರ:
ಲ್ಯಾಟಿನ್ ಬೇರು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಈ ಅಳತೆ 1977ರಲ್ಲಿ ಐಬಿಎಮ್ಮಿನ ಜೆಲಿನೆಕ್ ಮತ್ತು ಸಂಗಡಿಗರು ಮಾತು ಗುರುತಿಸುವ ಕೆಲಸಕ್ಕಾಗಿ ತಂದದ್ದು. ಪರ್‌ಪ್ಲೆಕ್ಸಿಟಿ 20 ಎಂದರೆ, ಮುಂದಿನ ಪದ ಊಹಿಸುವಾಗ ಪ್ರತಿ ಹೆಜ್ಜೆಯಲ್ಲೂ ಸಮಾನ ಸಾಧ್ಯತೆಯ 20 ಕವಲುಗಳ ಮುಂದೆ ನಿಂತಷ್ಟು ಕಷ್ಟ. ಅದು ಕವಲುಗಳ ಲೆಕ್ಕ, ಮನಸ್ಸಿನ ಸ್ಥಿತಿಯಲ್ಲ. ‘ಕವಲೆಣಿಕೆ’ ಎನ್ನಬಹುದು, ಇಲ್ಲವೇ ಪರ್‌ಪ್ಲೆಕ್ಸಿಟಿ ಎಂದೇ ಬಿಡಬಹುದು. ‘ಗೊಂದಲ’ ಮಾತ್ರ ಬೇಡ. ಕನ್‌ಫ್ಯೂಷನ್ ಮ್ಯಾಟ್ರಿಕ್ಸಿಗೆ ‘ಗೊಂದಲ ಕೋಷ್ಟಕ’ ಎನ್ನುವವರಿದ್ದಾರೆ, ಓದುಗ ಎರಡನ್ನೂ ಒಂದೆಂದುಕೊಳ್ಳುತ್ತಾನೆ.

ಪದಕ್ಕಿಂತ ನಿಮ್ಮ ಅಡಿಬರಹದ ಬಗ್ಗೆ ನನಗೆ ಚಿಂತೆ. ಆ ಎರಡು ಮಾದರಿಗಳ ಟೋಕನೈಸರ್, ಅಂದರೆ ಪಠ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಒಡೆಯುವ ಭಾಗ, ಒಂದೇ ತಾನೆ?

ಅನುವಾದಕಿ:
ಬೇರೆ ಬೇರೆ. ಮೂಲದಲ್ಲಿ ಒಂದಕ್ಕೆ 4.5, ಇನ್ನೊಂದಕ್ಕೆ 54.6 ಎಂದಿದೆ.

ಎಣಿಕೆಗಾರ:
ಹಾಗಾದರೆ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವುದೇ ತಪ್ಪು. ಪರ್‌ಪ್ಲೆಕ್ಸಿಟಿ ತೆಗೆಯುವಾಗ ಒಟ್ಟು ನಷ್ಟವನ್ನು, ಅಂದರೆ ನಿಜವಾಗಿ ಬಂದ ಟೋಕನ್ನುಗಳಿಗೆ ಮಾದರಿ ಕೊಟ್ಟ ಸಂಭವನೀಯತೆಗಳ ಋಣ ಲಾಗರಿದಮ್ಮುಗಳ ಮೊತ್ತವನ್ನು, ಟೋಕನ್‌ಗಳ ಸಂಖ್ಯೆಯಿಂದ ಭಾಗಿಸುತ್ತಾರೆ, ಬಂದದ್ದನ್ನು e ಯ ಘಾತಕ್ಕೆ ಏರಿಸುತ್ತಾರೆ. ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್. ಕನ್ನಡ ಅಷ್ಟಾಗಿ ಕಾಣದ ಟೋಕನೈಸರ್ ಪದವನ್ನು ಬೈಟ್ ಮಟ್ಟಕ್ಕೆ ಪುಡಿ ಮಾಡುತ್ತದೆ. ಆ ಮೂರರಲ್ಲಿ ಮೊದಲನೆಯ ಬೈಟ್ ಯಾವಾಗಲೂ ಒಂದೇ, ಎರಡನೆಯದಕ್ಕೆ ಎರಡೇ ಆಯ್ಕೆ. ಅವನ್ನು ಯಾವ ಮಾದರಿಯಾದರೂ ಊಹಿಸುತ್ತದೆ. ಹೀಗೆ ಸುಲಭದ ಟೋಕನ್‌ಗಳು ಸೇರಿ ಸರಾಸರಿ ಇಳಿಯುತ್ತದೆ.

ನಿಮ್ಮ ಅಂಕಿಗಳಿಗೇ ಹೊಂದುವ ಒಂದು ಲೆಕ್ಕ ಹಾಕೋಣ. 120 ಬೈಟಿನ ಒಂದೇ ವಾಕ್ಯವನ್ನು ಮೊದಲ ಮಾದರಿ 40 ಟೋಕನ್ ಮಾಡಿತು, ಒಟ್ಟು ನಷ್ಟ 60. ಎರಡನೆಯದು 12 ಟೋಕನ್ ಮಾಡಿತು, ನಷ್ಟ 48. ಮೊದಲನೆಯದಕ್ಕೆ ಟೋಕನ್ನಿಗೆ 1.5, ಅಂದರೆ ಪರ್‌ಪ್ಲೆಕ್ಸಿಟಿ 4.5. ಎರಡನೆಯದಕ್ಕೆ 4, ಅಂದರೆ 54.6. ಪಟ್ಟಿ ನೋಡಿದವರು ಎರಡನೆಯದು ಹನ್ನೆರಡು ಪಟ್ಟು ಕಳಪೆ ಎನ್ನುತ್ತಾರೆ. ಆದರೆ ಆ ವಾಕ್ಯಕ್ಕೆ ಹೆಚ್ಚು ಸಂಭವನೀಯತೆ ಕೊಟ್ಟದ್ದು ಎರಡನೆಯದೇ. ನಷ್ಟವನ್ನು ಬಿಟ್‌ಗೆ ತಿರುಗಿಸಲು 0.693ರಿಂದ ಭಾಗಿಸಿ, ಆಮೇಲೆ 120ರಿಂದ ಭಾಗಿಸಿ. ಬೈಟಿಗೆ 0.72 ಬಿಟ್ ಮತ್ತು 0.58 ಬಿಟ್ ಬರುತ್ತದೆ. ಭಿತ್ತಿಪತ್ರದಲ್ಲಿ ಹೋಲಿಸಬೇಕಾದದ್ದು ಈ ಜೋಡಿ.

ಧಾರವಾಡದವ:
ಇಷ್ಟೆಲ್ಲಾ ಯಾಕ್ರೀ? ಪರ್‌ಪ್ಲೆಕ್ಸಿಟಿ ಮಾದರಿನ್ನ ಅಳೆಯೂದು, ಅದು ಬರದ ಪಠ್ಯ ಅಳೆಯೂದಲ್ಲ. ಅದನ್ನ ತಗದುಬಿಡ್ರಿ. ಯಂತ್ರ ಬರದದ್ದು ಮಾದರಿ ಉತ್ತರದ ಪದಗಳಿಗೆ ಎಷ್ಟು ಹೊಂದತದ ಅಂತ ನೋಡೂ ಬ್ಲೂ, ರೂಜ್ ಸಾಕು. ಕನ್ನಡದಾಗ ವಿಭಕ್ತಿ ಅಂಟಿಕೊಂಡು ಪದ ಹೊಂದೂದಿಲ್ಲ ಅಂದ್ರ ಸಿಎಚ್‌ಆರ್‌ಎಫ್ ಹಾಕ್ರಿ, ಅದು ಅಕ್ಷರದ ಮ್ಯಾಲೆ ನೋಡ್ತದ. ಮುಗೀತು.

ಎಣಿಕೆಗಾರ:
ಮೊದಲ ಮಾತು ಒಪ್ಪುತ್ತೇನೆ. ಒಂದೇ ಸಾಲನ್ನು ಹತ್ತು ಸಲ ಬರೆದ ಪಠ್ಯಕ್ಕೂ ಪರ್‌ಪ್ಲೆಕ್ಸಿಟಿ ಚೆನ್ನಾಗಿ ಇಳಿಯುತ್ತದೆ. ಆದರೆ ‘ಮುಗೀತು’ ಅನ್ನಬೇಡಿ. ಇದನ್ನು ನೋಡಿ, ಪೂರ್ಣವಿರಾಮ ಬಿಟ್ಟು ಎಣಿಸಿದ್ದೇನೆ.

ಮಾದರಿ ಉತ್ತರ: ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು
ಯಂತ್ರ ಒಂದು: ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು
ಯಂತ್ರ ಎರಡು: ಬರಿಹೊಟ್ಟೆಯಲ್ಲಿ ಈ ಗುಳಿಗೆ ನುಂಗಬೇಡಿ

ಯಂತ್ರ ಒಂದರಲ್ಲಿ ಒಂಟಿ ಪದಗಳು 5ರಲ್ಲಿ 4 ಹೊಂದುತ್ತವೆ. ಜೋಡಿ 4ರಲ್ಲಿ 3, ಮೂರರ ಗುಂಪು 3ರಲ್ಲಿ 2, ನಾಲ್ಕರ ಗುಂಪು 2ರಲ್ಲಿ 1. ಗುಣಿಸಿದರೆ 0.2, ಅದರ ನಾಲ್ಕನೆಯ ಮೂಲ 0.669. ಬ್ಲೂ ನೂರಕ್ಕೆ 66.9, ಕ್ರಮ ತಪ್ಪದೆ ಹೊಂದುವ ಪದಗಳನ್ನು ಎಣಿಸುವ ರೂಜ್-ಎಲ್ 0.8. ರೋಗಿಗೆ ಹೇಳಿದ್ದು ಮಾತ್ರ ತದ್ವಿರುದ್ಧ. ಯಂತ್ರ ಎರಡು ಸರಿಯಾಗಿ ಹೇಳಿತು, ಆದರೆ ಹೊಂದುವುದು ‘ಈ’ ಒಂದೇ. ಜೋಡಿ ಒಂದೂ ಇಲ್ಲದ್ದರಿಂದ ಬ್ಲೂ ಸೊನ್ನೆ, ರೂಜ್-ಎಲ್ 0.22.

ಸಿಎಚ್‌ಆರ್‌ಎಫ್ ಹಾಕಿದರೆ ‘ಹೊಟ್ಟೆಯಲ್ಲಿ’ ಹೊಂದಿ ಎರಡನೆಯದು ಸೊನ್ನೆಯಿಂದ ಮೇಲೇಳುತ್ತದೆ, ಅಷ್ಟರ ಮಟ್ಟಿಗೆ ನೀವು ಸರಿ. ಆದರೆ ಮೊದಲನೆಯದು ಇನ್ನೂ ಮುಂದೆಯೇ ಇರುತ್ತದೆ, ಏಕೆಂದರೆ ‘ಬಾರದು’ ಮತ್ತು ‘ಬೇಕು’ ನಡುವೆ ವ್ಯತ್ಯಾಸ ಕೆಲವೇ ಸಂಕೇತಗಳದ್ದು. ಕನ್ನಡದಲ್ಲಿ ನಿಷೇಧ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ, ಪದ ಎಣಿಸಿದರೂ ಅಕ್ಷರ ಎಣಿಸಿದರೂ ಅದಕ್ಕೆ ತೂಕ ಸಿಗುವುದಿಲ್ಲ. ಬ್ಲೂ ಮಾಡಿದವರು 2002ರಲ್ಲಿ ಅದನ್ನು ಇಡೀ ಪರೀಕ್ಷಾ ಸಂಗ್ರಹದ ಮೇಲೆ ಅಳೆಯಲೆಂದು ಮಾಡಿದರು, ಒಂಟಿ ವಾಕ್ಯಕ್ಕಲ್ಲ, ನಿಜ. ಸಾವಿರ ವಾಕ್ಯ ಸೇರಿಸಿದರೂ ನಿಷೇಧ ಬಿಡುವ ಚಾಳಿ ಅಂಕದಲ್ಲಿ ಕಾಣುವುದಿಲ್ಲ. ನಿಷೇಧ, ಸಂಖ್ಯೆ, ಹೆಸರು ಇರುವ ವಾಕ್ಯಗಳನ್ನು ಬೇರೆ ತೆಗೆದಿಟ್ಟು ಮನುಷ್ಯರೇ ಓದಬೇಕು.

ಬಣ್ಣದ ಮಾತು:
ಬ್ಲೂ ಅಂದರೆ ನೀಲಿ, ರೂಜ್ ಫ್ರೆಂಚಿನಲ್ಲಿ ಕೆಂಪು. ‘ನೀಲಿ ಅಂಕ’, ‘ಕೆಂಪು ಅಂಕ’ ಎಂದರೆ ಭಿತ್ತಿಪತ್ರಕ್ಕೂ ಚೆಂದ ಅಲ್ಲವೇ?

ಎಣಿಕೆಗಾರ:
ಅಲ್ಲ. ಎರಡೂ ಮೊದಲಕ್ಷರಗಳ ಹೆಸರು. ಎರಡರಲ್ಲೂ ಇರುವ ‘ಯು’ ಎಂದರೆ ಅಂಡರ್‌ಸ್ಟಡಿ, ಮುಖ್ಯ ನಟ ಬರದ ದಿನ ರಂಗಕ್ಕೆ ಇಳಿಯುವ ಬದಲಿ ನಟ. ಇಲ್ಲಿ ಮುಖ್ಯ ನಟ ಮನುಷ್ಯ ತೀರ್ಪುಗಾರ.

ಸಾರಾಂಶದವರು:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಕನ್ನಡ ಸುದ್ದಿ ಸಾರಾಂಶಗಳಿಗೆ `rouge_score` ಎಂಬ ಪೈಥಾನ್ ಪೊಟ್ಟಣ ಸೊನ್ನೆಯೇ ಕೊಡುತ್ತಿದೆ, ಅಂಕಿಯಿರುವ ಕೆಲವು ಸಾಲುಗಳಿಗೆ ಮಾತ್ರ ಪೂರ್ತಿ 1. ಮಾದರಿ ಕೆಟ್ಟಿದೆಯೇ?

ಎಣಿಕೆಗಾರ:
ಮಾದರಿ ಅಲ್ಲ, ಪೊಟ್ಟಣ. ಅದರ ಸಹಜ ಟೋಕನೈಸರ್ `[^a-z0-9]+` ಎಂಬುದನ್ನೆಲ್ಲ ಖಾಲಿ ಜಾಗ ಮಾಡುತ್ತದೆ. ನಿಮ್ಮ ಕನ್ನಡ ಪೂರ್ತಿ ಅಳಿಸಿಹೋಗಿ ‘2023’ ಮಾತ್ರ ಉಳಿಯುತ್ತದೆ, ಎರಡೂ ಕಡೆ ಅದಿದ್ದರೆ ಪೂರ್ಣಾಂಕ. ನಿಮ್ಮದೇ ಟೋಕನೈಸರ್ ಕೊಡಿ:

```python
from rouge_score import rouge_scorer

class Tok:
    def tokenize(self, text):
        return text.split()

s = rouge_scorer.RougeScorer(["rougeL"], tokenizer=Tok())
```

ವಿರಾಮಚಿಹ್ನೆಗಳನ್ನು ಮೊದಲೇ ತೆಗೆದಿಡಿ, ಇಲ್ಲದಿದ್ದರೆ ಕೊನೆಯ ಪದಕ್ಕೆ ಅಂಟಿಕೊಂಡು ಹೊಂದುವುದಿಲ್ಲ. ಪೈಥಾನಿನ `re` ಜೊತೆ `\w+` ಬಳಸಬೇಡಿ. ಅದು ಕಾಗುಣಿತದ ಗುರುತು, ಅರ್ಧಾಕ್ಷರದ ಗುರುತನ್ನು ಅಕ್ಷರವೆಂದು ಎಣಿಸುವುದಿಲ್ಲ. ‘ಮಾತ್ರೆ’ ಹೋಗಿ ‘ಮ’, ‘ತ’, ‘ರ’ ಆಗುತ್ತದೆ, ಸಂಬಂಧವಿಲ್ಲದ ಪದಗಳೆಲ್ಲ ಹೊಂದಿ ಅಂಕ ಸುಮ್ಮನೆ ಏರುತ್ತದೆ. ಸೊನ್ನೆ ಬಂದರೆ ಅನುಮಾನವಾದರೂ ಬರುತ್ತದೆ, ಇದು ಬಂದರೆ ಬರುವುದಿಲ್ಲ.

ಅಚ್ಚಗನ್ನಡಿಗ:
ಪದಚರ್ಚೆ ಎಲ್ಲಿಂದ ಎಲ್ಲಿಗೋ ಹೋಯಿತು. ಆ 1977ರ ಲೇಖನದ ತಲೆಬರಹವೇ ಅದನ್ನು ‘ಕೆಲಸದ ಕಷ್ಟದ ಅಳತೆ’ ಎನ್ನುತ್ತದೆ. ಕಷ್ಟ ಎಂದರೆ ತೊಡಕೇ. ಟೋಕನ್, ಬಿಟ್, ಬೈಟ್ ಎಲ್ಲವನ್ನೂ ಹಾಗೇ ನುಂಗಿ, ಕೊನೆಗೊಂದು ಕನ್ನಡ ಪದಕ್ಕೆ ಮಾತ್ರ ಇಷ್ಟು ತಕರಾರೇ?

ಎಣಿಕೆಗಾರ:
ತೊಡಕು ಎಷ್ಟು ಎಂದು ಕೇಳಿದರೆ ‘ಬಹಳ’ ಎನ್ನುತ್ತಾರೆ. ಕವಲು ಎಷ್ಟು ಎಂದರೆ ‘ಇಪ್ಪತ್ತು’ ಎನ್ನುತ್ತಾರೆ. ಅಂಕಿಯ ಕಲಮಿಗೆ ಯಾವುದು ಬೇಕು?

ಧಾರವಾಡದವ:
ಪ್ರದರ್ಶನಕ್ಕ ಬರೂ ಹುಡುಗರು ‘ಕವಲೆಣಿಕೆ’ ಓದಿ ಮರದ ಟೊಂಗಿ ಎಣಿಕೆ ಅಂತಾರ. ಪರ್‌ಪ್ಲೆಕ್ಸಿಟಿ ಅಂತನs ಬರೀರಿ.

ಅನುವಾದಕಿ:
ಕಲಮಿನ ತಲೆಗೆ ‘ಪರ್‌ಪ್ಲೆಕ್ಸಿಟಿ’ ಬಿಟ್ಟು, ಅಡಿಬರಹದಲ್ಲಿ ‘ಸರಾಸರಿ ಕವಲುಗಳು’ ಎನ್ನುತ್ತೇನೆ. ಬೈಟಿಗೆ ಬಿಟ್ ಲೆಕ್ಕ ಹಾಕಲು ಒಟ್ಟು ನಷ್ಟ, ಬೈಟ್ ಸಂಖ್ಯೆ ಬೇಕೆಂದು ಮೂಲದವರಿಗೆ ಬರೆದಿದ್ದೇನೆ. ಬರದಿದ್ದರೆ ಆ ಕಲಮನ್ನೇ ತೆಗೆಯುತ್ತೇನೆ.

ಅಚ್ಚಗನ್ನಡಿಗ:
‘ಸರಾಸರಿ’ಯೂ ಪಾರಸಿಯದು.